ಹಿಟ್ಟಿನ ಗಿರಣಿ ಯಾಕೆ ಸಿಡಿಯುತ್ತದೆ?

"ಹಿಟ್ಟಿನ ಧೂಳು ಬಾಂಬ್ ಥರ ಸಿಡಿಯುತ್ತೆ ಅಂತಾರೆ, ನಿಜಾನಾ? ಪುಣೆಯಲ್ಲಿ ನಮ್ಮ ಬಿಲ್ಡಿಂಗ್ ಕೆಳಗೇ ಒಂದು ಗಿರಣಿ ಇದೆ, ಹೆದರಬೇಕಾ?"

ನಿಜ. ಆದರೆ ನಿಮ್ಮ ಗಿರಣಿಗೆ ಅಷ್ಟೊಂದು ಹೆದರಬೇಕಿಲ್ಲ. ನಾನು ಭೋಸರಿ ಕಡೆ ಒಂದು ದೊಡ್ಡ ರೋಲರ್ ಮಿಲ್‌ನಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ, ಇದು ನನ್ನ ದಿನದ ಚಿಂತೆ.

ಮೂಟೆಯಲ್ಲಿರುವ ಹಿಟ್ಟಿಗೆ ಬೆಂಕಿ ಕಡ್ಡಿ ಹಿಡಿದರೆ ಮೇಲೆ ಸ್ವಲ್ಪ ಕರಕಲಾಗುತ್ತದೆ, ಅಷ್ಟೇ. ಒಳಗೆ ಗಾಳಿ ಸಾಲುವುದಿಲ್ಲ. ಅದೇ ಹಿಟ್ಟು ಗಾಳಿಯಲ್ಲಿ ಹರಡಿದರೆ ಒಂದೊಂದು ಕಣದ ಸುತ್ತಲೂ ಆಮ್ಲಜನಕ ಇರುತ್ತದೆ. ಒಂದು ಸೆಂಟಿಮೀಟರ್ ಘನವನ್ನು 0.1 ಮಿಲಿಮೀಟರ್ ತುಂಡುಗಳಾಗಿ ಮಾಡಿದರೆ ಹತ್ತು ಲಕ್ಷ ತುಂಡಾಗುತ್ತದೆ, ಗಾಳಿಗೆ ತಾಗುವ ಮೈ ನೂರು ಪಟ್ಟು ಹೆಚ್ಚುತ್ತದೆ. ಕಣ ಚಿಕ್ಕದಾದ್ದರಿಂದ ಬೇಗ ಕಾಯುತ್ತದೆ, ಪಕ್ಕದ್ದಕ್ಕೂ ಹತ್ತಿಸುತ್ತದೆ. ಮುಚ್ಚಿದ ಜಾಗದಲ್ಲಿ ಆ ಬಿಸಿ ಗಾಳಿ ಹಿಗ್ಗಲು ದಾರಿ ಇಲ್ಲದೆ ಗೋಡೆಯನ್ನೇ ಒಡೆಯುತ್ತದೆ. ಮರದ ಹೊಟ್ಟಿಗೂ ಧಾನ್ಯದ ಧೂಳಿಗೂ ಇದೇ ಕಥೆ.

ಆದರೆ ಧೂಳು ತುಂಬಾ ದಟ್ಟವಾಗಿರಬೇಕು. ಗೋಧಿ ಹಿಟ್ಟಿಗೆ ಘನ ಮೀಟರ್‌ಗೆ ಸುಮಾರು 50–60 ಗ್ರಾಂ. ಅಷ್ಟು ಧೂಳಿದ್ದರೆ ಎರಡು ಮೀಟರ್ ದೂರದ 25 ವಾಟ್ ಬಲ್ಬ್ ಕೂಡ ಕಾಣಿಸುವುದಿಲ್ಲ. ಮನುಷ್ಯರು ಓಡಾಡುವ ಕಡೆ ಹಾಗೆ ಇರಲು ಸಾಧ್ಯವಿಲ್ಲ, ಅಲ್ವಾ? ಧಾನ್ಯ ಎತ್ತುವ ಬಕೆಟ್ ಎಲಿವೇಟರ್‌ನ ಮುಚ್ಚಿದ ಕೊಳವೆಯೊಳಗೆ ಮಾತ್ರ ಅದು ಮಾಮೂಲಿ. ಅಲ್ಲಿ ಬೆಲ್ಟ್ ಜಾರಿ ಉಜ್ಜಿದರೆ ಅಥವಾ ಬೇರಿಂಗ್ ಕಾದರೆ ಶುರುವಾಗುತ್ತದೆ.

ನಿಜವಾಗಿ ಜೀವ ತೆಗೆಯುವುದು ಮಾತ್ರ ಹೆಚ್ಚಾಗಿ ಎರಡನೇ ಸ್ಫೋಟ. ಮೊದಲನೆಯದರ ಹೊಡೆತಕ್ಕೆ ತೊಲೆ, ಪೈಪು, ಲೈಟ್‌ಗಳ ಮೇಲೆ ಕೂತಿದ್ದ ಧೂಳೆಲ್ಲ ಮೇಲೇಳುತ್ತದೆ, ಹಿಂದೆಯೇ ಬೆಂಕಿ ಬರುತ್ತದೆ. ಲೆಕ್ಕ ಹಾಕಿ ನೋಡಿ: ನೆಲದ ಮೇಲೆ ಒಂದೇ ಮಿಲಿಮೀಟರ್ ಪದರ ಇದ್ದರೆ ಚದರ ಮೀಟರ್‌ಗೆ ಸುಮಾರು 500 ಗ್ರಾಂ ಹಿಟ್ಟು. ಐದು ಮೀಟರ್ ಎತ್ತರದ ಕೋಣೆಯಲ್ಲಿ ಅದು ಪೂರ್ತಿ ಎದ್ದರೆ ಘನ ಮೀಟರ್‌ಗೆ 100 ಗ್ರಾಂ. ಮಿತಿ ದಾಟಿ ಆಯಿತು!

ಅಮೆರಿಕದ ಜಾರ್ಜಿಯಾದಲ್ಲಿ 2008ರ ಫೆಬ್ರವರಿ 7ರಂದು ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ ಆಗಿದ್ದು ಇದೇ, ಅಲ್ಲಿ ಸಕ್ಕರೆ ಧೂಳು. ಸಕ್ಕರೆ ತುಂಬಿಡುವ ಗೋಪುರದಂಥ ಸೈಲೋ ಕೆಳಗೆ ಅದನ್ನು ಸಾಗಿಸುವ ಕನ್ವೇಯರ್‌ಗೆ ಸ್ಟೀಲ್ ಹೊದಿಕೆ ಹಾಕಿದ್ದರು. ಧೂಳು ಹೊರಗೆ ಬರದೆ ಒಳಗೇ ದಟ್ಟವಾಯಿತು, ಬಹುಶಃ ಕಾದ ಬೇರಿಂಗ್‌ನಿಂದ ಹತ್ತಿಕೊಂಡಿತು. ಆಮೇಲೆ ಕಟ್ಟಡದ ತುಂಬಾ ಕೂತಿದ್ದ ಸಕ್ಕರೆ ಧೂಳು ಒಂದರ ಹಿಂದೊಂದು ಸಿಡಿಯುತ್ತಾ ಹೋಯಿತು. 14 ಜನ ಸತ್ತರು.

ಅದಕ್ಕೇ ನಮ್ಮಲ್ಲಿ ಕಂಪ್ರೆಸರ್ ಗಾಳಿ ಊದಿ ತೊಲೆ ಕ್ಲೀನ್ ಮಾಡಲು ಬಿಡುವುದಿಲ್ಲ, ಸುಮ್ನೆ ಮೋಡ ಎಬ್ಬಿಸಿದಂತಾಗುತ್ತದೆ. ಧೂಳಿನ ಜಾಗಕ್ಕೆಂದೇ ಮಾಡಿದ ವ್ಯಾಕ್ಯೂಮ್‌ನಿಂದ ಎಳೆಯಬೇಕು. ಬೇರಿಂಗ್ ಬಿಸಿ ಎಷ್ಟಿದೆ ಅಂತ ಸೆನ್ಸರ್ ನೋಡುತ್ತಿರುತ್ತದೆ, ಬೆಲ್ಟ್ ನಿಧಾನವಾದರೆ ಮೋಟರ್ ತಾನೇ ನಿಲ್ಲಬೇಕು.

ನಿಮ್ಮ ಗಿರಣಿಯಲ್ಲಿ ಎಲಿವೇಟರ್ ಇಲ್ಲ, ಸೈಲೋ ಇಲ್ಲ, ಬಾಗಿಲು ತೆರೆದೇ ಇರುತ್ತದೆ. ಅಲ್ಲಿ ನಾನು ನೋಡುವುದು ಎರಡೇ: ಮೋಟರ್ ಮತ್ತು ಸ್ವಿಚ್‌ಬೋರ್ಡ್ ಮೇಲೆ ಹಿಟ್ಟು ಗಟ್ಟಿಯಾಗಿ ಕೂತಿದೆಯಾ, ಸುಟ್ಟ ವಾಸನೆ ಬರುತ್ತಿದೆಯಾ. ಇದ್ದರೆ ಗಿರಣಿಯವರಿಗೆ ಹೇಳಿ, ಕರೆಂಟ್ ಆಫ್ ಮಾಡಿ ಒರೆಸಲಿ.