ತಗಡಿದ್ದ ಮಾತ್ರಕ್ಕೆ ಗಾಜಲ್ಲ

"1950ರ ಸುಮಾರಿಗೆ ನಮ್ಮಜ್ಜಿಯ ಮದುವೆಗೆಂದು ಕೊಂಡ ಕೆಂಪಿನ ಅಡ್ಡಿಗೆ ನಮ್ಮಲ್ಲಿದೆ. ಅಪ್ಪಟ ಮಾಣಿಕ್ಯವೆಂದೇ ಮಾರಿದ್ದರಂತೆ. ಈಚೆಗೆ ಒಂದು ಕಲ್ಲು ಕಳಚಿ ಬಿತ್ತು. ಅದರ ಕೆಳಗೆ ಕೆಂಪು ತಗಡು, ಅರಗು. ಕಲ್ಲನ್ನು ಅಂಗೈಯಲ್ಲಿಟ್ಟರೆ ಬರೀ ನಸುಗುಲಾಬಿ. ಚಿಕ್ಕಪೇಟೆಯ ಅಂಗಡಿಯವರು 'ತಗಡಿದೆ ಅಂದಮೇಲೆ ಗಾಜೇ' ಎಂದರು. ಎಲ್ಲ ಕಲ್ಲುಗಳನ್ನೂ ಬಿಚ್ಚಿಸಿ ನೋಡಬೇಕೆ?"
— ಓದುಗರೊಬ್ಬರು, ಮಲ್ಲೇಶ್ವರ

ಬಿಚ್ಚಿಸಬೇಡಿ. ಅಂಗಡಿಯವರದು ಅವಸರದ ತೀರ್ಪು. ಹಳೆಯ ಕುಂದಣದ ಕೆಲಸದಲ್ಲಿ ಕಲ್ಲಿನ ಹಿಂಬದಿ ಮುಚ್ಚಿರುತ್ತದೆ, ಹಿಂದಿನಿಂದ ಬೆಳಕು ಬರಲು ದಾರಿಯೇ ಇಲ್ಲ. ಅದಕ್ಕೇ ಚಿನ್ನದ ಗೂಡಿಗೆ ಅರಗು ತುಂಬಿ, ಹೊಳೆಯುವ ತಗಡು ಹಾಸಿ, ಮೇಲೆ ಕಲ್ಲು ಕೂರಿಸಿ, ಸುತ್ತಲೂ ಅಪರಂಜಿಯ ಎಳೆಯನ್ನು ಒತ್ತಿ ಬಿಗಿಯುತ್ತಿದ್ದರು. ಅಸಲಿ ಕೆಂಪಿಗೂ ಇದೇ ಪದ್ಧತಿ, ವಜ್ರಕ್ಕೂ ಇದೇ. ಮೋಸಕ್ಕೆ ಆಸ್ಪದ ಸಿಕ್ಕಿದ್ದೂ ಇಲ್ಲೇ ಅನ್ನಿ. ಬಣ್ಣದ ತಗಡಿನ ಮೇಲೆ ಬಿಳಿ ಗಾಜನ್ನಿಟ್ಟರೂ ಮುಂದಿನಿಂದ ನೋಡುವವರಿಗೆ ಕೆಂಪಾಗಿಯೇ ಕಾಣುತ್ತದೆ. ಹಾಗಾಗಿ ಗೂಡಿನಲ್ಲಿರುವ ಕಲ್ಲಿನ ಬಣ್ಣ ನೋಡಿ ಏನನ್ನೂ ಹೇಳಲಾಗದು. ನಿಮ್ಮ ಕಲ್ಲು ನಸುಗುಲಾಬಿ ಎಂಬುದರಿಂದಲೂ ಏನೂ ತೀರ್ಮಾನವಾಗುವುದಿಲ್ಲ. ತೆಳುಬಣ್ಣದ ಅಸಲಿ ಹರಳನ್ನು ತಗಡಿನಿಂದ ಗಾಢ ಮಾಡುವುದೂ ವಾಡಿಕೆಯೇ.

ಕಳಚಿದ ಕಲ್ಲು ನಿಮ್ಮ ಕೈಯಲ್ಲಿರುವುದು ಅದೃಷ್ಟ. ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಅದರ ಬೆನ್ನನ್ನು ಒರೆಸಿ. ಅಂಟಿದ ಅರಗು ಕರಗುತ್ತದೆ, ಬಣ್ಣ ಬಳಿದಿದ್ದರೆ ಹತ್ತಿಗೆ ಬರುತ್ತದೆ. (ಅಡ್ಡಿಗೆಯಲ್ಲೇ ಇರುವ ಕಲ್ಲುಗಳ ಹತ್ತಿರ ಮಾತ್ರ ಸ್ಪಿರಿಟ್ ಒಯ್ಯಬೇಡಿ, ಅರಗು ಸಡಿಲವಾಗಿ ಉಳಿದವೂ ಉದುರಿಯಾವು.)

ಆಮೇಲೆ ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವಂಥ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಮೊದಲು ಕಲ್ಲಿನ ಅಂಚುಗಳನ್ನು ನೋಡಿ. ಗಡಸುತನದ ಮೋಸ್ ಅಳತೆಯಲ್ಲಿ ಕೆಂಪು 9, ಗಾಜು ಹೆಚ್ಚುಕಡಿಮೆ 5ರಿಂದ 6. ಮನೆಯ ದೂಳಿನಲ್ಲಿರುವ ಮರಳಿನ ಕಣಗಳೇ 7. ಹೀಗಾಗಿ ಎಪ್ಪತ್ತು ವರ್ಷ ತೊಟ್ಟು ಒರೆಸಿದ ಗಾಜಿನ ಮೂಲೆಗಳು ಸವೆದು ದುಂಡಗಾಗಿರುತ್ತವೆ, ಮೈಯೆಲ್ಲ ಕೂದಲೆಳೆ ಗೀರು. ಕೆಂಪಿನ ಅಂಚು ಚೂಪಾಗಿಯೇ ಉಳಿದಿರುತ್ತದೆ. ಪೆಟ್ಟಿಗೆಯಲ್ಲೇ ಇದ್ದ ಒಡವೆಗೆ ಈ ಪರೀಕ್ಷೆ ಅಷ್ಟು ಉಪಯೋಗಕ್ಕೆ ಬಾರದು, ಸವೆಯಲು ಅವಕಾಶವೇ ಸಿಕ್ಕಿರುವುದಿಲ್ಲ. ಒಳಗೆ ದುಂಡು ಗುಳ್ಳೆಗಳೋ ಪಾಕ ಕದಡಿದಂಥ ಸುರುಳಿಗಳೋ ಕಂಡರೆ ಗಾಜಿನ ಗುಮಾನಿ ಗಟ್ಟಿಯಾಗುತ್ತದೆ. ತೆಳ್ಳನೆಯ ಸೂಜಿಗಳು ಕೋನಕ್ಕೆ ಸರಿಯಾಗಿ ಒಂದನ್ನೊಂದು ದಾಟಿದ್ದರೆ ಗಣಿಯಿಂದ ಬಂದ ಕೆಂಪಿರಬಹುದು.

ಇಲ್ಲೊಂದು ತೊಡಕಿದೆ. ಗಾಜೂ ಅಲ್ಲದ, ಗಣಿಯದೂ ಅಲ್ಲದ ಮೂರನೆಯದೊಂದು ಕೆಂಪು ಉಂಟು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವೆರ್ನ್ಯೂಯ್ ಎಂಬವನು ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಕೆಂಪು ಬೆಳೆಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದ. ನಿಮ್ಮಜ್ಜಿಯ ಮದುವೆಯ ಹೊತ್ತಿಗೆ ಅದು ಹಳೆಯ ಸರಕು. ಗಡಸುತನವೆಲ್ಲ ಅಸಲಿಯದೇ, ಆದರೆ ಒಳಗೆ ಗುಳ್ಳೆಗಳು ಇದರಲ್ಲೂ ಇರುತ್ತವೆ, ಜೊತೆಗೆ ಬಾಗಿದ ಸಣ್ಣ ಗೆರೆಗಳು. ಗುಳ್ಳೆ ಇದ್ದೂ ಅಂಚು ಚೂಪಾಗಿದ್ದರೆ ಇದನ್ನು ನೆನೆಯಿರಿ.

ಈ ಗೊಂದಲ ಬಿಡಿಸಲು ನೇರಳಾತೀತ ಟಾರ್ಚ್ ಅರ್ಧ ದಾರಿಯವರೆಗೆ ಬರುತ್ತದೆ. 365 ನ್ಯಾನೊಮೀಟರ್‌ನದನ್ನೇ ಕೇಳಿ ತನ್ನಿ. ಅಗ್ಗದ 395ರದು ತಾನೇ ನೇರಳೆ ಬೆಳಕು ಚೆಲ್ಲಿ ಕಣ್ಣಿಗೆ ಗೊಂದಲ ಮಾಡುತ್ತದೆ. ಕತ್ತಲೆ ಕೋಣೆಯಲ್ಲಿ ಕಲ್ಲಿಗೆ ಹಿಡಿದಾಗ ಕೆಂಡದಂತೆ ಕೆಂಪಾಗಿ ಬೆಳಗಿದರೆ ಅದು ಸಾಮಾನ್ಯ ಕೆಂಪು ಗಾಜಲ್ಲ. ಕ್ರೋಮಿಯಂ ಇರುವ ಕೆಂಪು, ಕೆಂಪನ್ನೇ ಹೋಲುವ ಸ್ಪಿನೆಲ್ ಎಂಬ ಹರಳುಗಳಲ್ಲಿ ಕೆಲವು ಹೀಗೆ ಬೆಳಗುತ್ತವೆ. ಆದರೆ ಜ್ವಾಲೆಯಲ್ಲಿ ಬೆಳೆಸಿದ್ದು ಅಸಲಿಗಿಂತ ಜೋರಾಗಿಯೇ ಬೆಳಗುವುದುಂಟು, ಕಬ್ಬಿಣದ ಅಂಶ ಹೆಚ್ಚಿರುವ ಗಣಿಯ ಕೆಂಪು ಮಂಕಾಗಿಯೇ ಉಳಿಯಬಹುದು. ಅರಗೂ ಈ ಬೆಳಕಿಗೆ ಕಿತ್ತಳೆ ಬಣ್ಣ ಕೊಡುತ್ತದೆ. ಗೂಡಿನಲ್ಲಿರುವ ಕಲ್ಲುಗಳ ಸುತ್ತ ಅಂಥ ಉಂಗುರ ಕಂಡರೆ ಮರುಳಾಗಬೇಡಿ.

ಇಷ್ಟಾದ ಮೇಲೆ ಕಳಚಿದ ಕಲ್ಲೊಂದನ್ನೇ ಹರಳು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. ಅಲ್ಲಿ ಕಲ್ಲಿನೊಳಗೆ ಬೆಳಕು ಎಷ್ಟು ಬಾಗುತ್ತದೆಂದು ಹೇಳುವ ವಕ್ರೀಭವನ ಸೂಚ್ಯಂಕ ಅಳೆಯುತ್ತಾರೆ. ಕೆಂಪಾದರೆ 1.76ರಿಂದ 1.77ರ ನಡುವೆ ಎರಡು ಅಂಕಿ ಬರುತ್ತವೆ, ಗಾಜಿಗೆ ಒಂದೇ ಅಂಕಿ. ಗಣಿಯದೋ ಬೆಳೆಸಿದ್ದೋ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಾರೆ. ಇಡೀ ಅಡ್ಡಿಗೆ ಕೊಟ್ಟರೆ "ಕಲ್ಲು ಗೂಡಿನಲ್ಲಿದ್ದಂತೆಯೇ ನೋಡಲಾದಷ್ಟರ ಮಟ್ಟಿಗೆ" ಎಂಬ ಷರತ್ತಿನ ವರದಿಯೇ ಸಿಗುವುದು.

ಆ ಒಂದರ ಫಲಿತಾಂಶವನ್ನು ಮಿಕ್ಕ ಕಲ್ಲುಗಳ ತಲೆಗೆ ಕಟ್ಟಬೇಡಿ. ಎಷ್ಟೋ ಅಡ್ಡಿಗೆಗಳಲ್ಲಿ ಉದುರಿದ ಜಾಗಕ್ಕೆ ರಿಪೇರಿಯವರು ಸಿಕ್ಕ ಕಲ್ಲು ತುಂಬಿರುತ್ತಾರೆ. ಕೊಂಡಿಯ ಹತ್ತಿರದವು ಸವೆದು, ನಡುವಿನವು ಚೂಪಾಗಿದ್ದರೆ ಅವು ಬೇರೆ ಬೇರೆ ಕಾಲದವೆಂದೇ ನನ್ನ ಅನುಮಾನ. ಮಂಕಾದವೆಲ್ಲ ಗಾಜೆಂದೂ ಅಲ್ಲ. ನೀರು ನುಗ್ಗಿ ತಗಡು ಕಪ್ಪಾದರೆ ಅಸಲಿಯೂ ಸತ್ತಂತೆ ಕಾಣುತ್ತದೆ. ಅಂಟುವಾಳದ ನೀರಲ್ಲಿ ನೆನೆಹಾಕಿ ತೊಳೆದ ಕುಂದಣಕ್ಕೆ ಇದೇ ಗತಿ.

ಕಲ್ಲನ್ನು ಮತ್ತೆ ಕೂರಿಸುವಾಗ ಕುಂದಣ ಗೊತ್ತಿರುವ ಅಕ್ಕಸಾಲಿಗರನ್ನೇ ಹುಡುಕಿ, ಹಳೆಯ ತಗಡು ಚೆನ್ನಾಗಿದ್ದರೆ ಅದನ್ನೇ ಉಳಿಸಲು ಹೇಳಿ. ಫೆವಿಕ್ವಿಕ್ ಹಾಕಿ ಐದು ನಿಮಿಷದಲ್ಲಿ ಕೊಡುತ್ತೇನೆ ಎನ್ನುವವರ ಕೈಗೆ ಕೊಡಬೇಡಿ.