ಮೀಡಿಯಾಸ್ಟೈನಮ್: ಅಯೋರ್ಟಾದ ಜೊತೆ ಹೋದರೆ ಗೊಂದಲವಿಲ್ಲ

ಪ್ರಶ್ನೆ: ಮಂಡ್ಯದಲ್ಲಿ ಮೊದಲ ವರ್ಷ ಓದ್ತಿದ್ದೀನಿ. ಮೀಡಿಯಾಸ್ಟೈನಮ್ ಭಾಗಗಳು ಕಲಸಿಹೋಗ್ತವೆ. ಅಯೋರ್ಟಾ ಯಾವುದರಲ್ಲಿದೆ?

ಉತ್ತರ: ಮೂರು ಭಾಗಗಳಲ್ಲಿದೆ, ಗೊಂದಲ ಆಗೋದು ಅದಕ್ಕೇ! ಮೀಡಿಯಾಸ್ಟೈನಮ್ ಅಂದರೆ ಎದೆಯೊಳಗೆ ಎರಡು ಶ್ವಾಸಕೋಶಗಳ ನಡುವಿನ ಜಾಗ, ಅಯೋರ್ಟಾ ಅಂದರೆ ಹೃದಯದಿಂದ ಹೊರಡುವ ಮಹಾಧಮನಿ.

ಎದೆಮೂಳೆಯ ಮೇಲೆ ಬೆರಳು ಜಾರಿಸಿ. ಒಂದು ಏಣು ಸಿಗುತ್ತದೆ, ಎರಡನೇ ಪಕ್ಕೆಲುಬು ಸೇರುವುದು ಅಲ್ಲೇ. ಅಲ್ಲಿಂದ ಬೆನ್ನಿಗೆ ಗೆರೆ ಎಳೆದರೆ ಟಿ4, ಟಿ5 ಕಶೇರುಗಳ ನಡುವೆ ಮುಟ್ಟುತ್ತದೆ. ಗೆರೆಯ ಮೇಲೆ ಸುಪೀರಿಯರ್, ಕೆಳಗೆ ಇನ್ಫೀರಿಯರ್. ಕೆಳಗಿನದರಲ್ಲಿ ಹೃದಯವನ್ನು ಸುತ್ತಿರುವ ಪೆರಿಕಾರ್ಡಿಯಂ ಚೀಲವೇ ಮಿಡಲ್. ಅದರ ಮುಂದಿನದು ಆಂಟೀರಿಯರ್, ಹಿಂದಿನದು ಪೋಸ್ಟೀರಿಯರ್.

ಈಗ ಅಯೋರ್ಟಾದ ಜೊತೆ ಹೋಗಿ. ಹೃದಯದಿಂದ ಮೇಲೇರುವ ಭಾಗ ಚೀಲದೊಳಗಿದೆ, ಅಂದರೆ ಮಿಡಲ್. ಪಲ್ಮನರಿ ಟ್ರಂಕ್ ಕೂಡ ಅಲ್ಲೇ. ಗೆರೆ ದಾಟಿ ಬಾಗುವ ಆರ್ಚ್ ಸುಪೀರಿಯರ್‌ನಲ್ಲಿದೆ. ಅದು ಶುರುವಾಗುವುದೂ ಮುಗಿಯುವುದೂ ಅದೇ ಗೆರೆಯ ಮಟ್ಟದಲ್ಲಿ. ಮತ್ತೆ ಕೆಳಗಿಳಿದರೆ ಪೋಸ್ಟೀರಿಯರ್. ಅಲ್ಲಿ ಅನ್ನನಾಳ, ಅಜೈಗಸ್ ಸಿರೆ, ಥೊರಾಸಿಕ್ ಡಕ್ಟ್, ವೇಗಸ್ ನರಗಳು ಜೊತೆಗಿರುತ್ತವೆ.

ಸುಪೀರಿಯರ್‌ನಲ್ಲಿ ಮುಂದಿನಿಂದ ಹಿಂದಕ್ಕೆ ಎಣಿಸಿ: ಥೈಮಸ್, ದೊಡ್ಡ ಸಿರೆಗಳು, ಆರ್ಚ್ ಮತ್ತು ಅದರ ಮೂರು ಕವಲು, ಶ್ವಾಸನಾಳ, ಅನ್ನನಾಳ. ಮೈಸೂರಿನ ಹಾಸ್ಟೆಲ್‌ನಲ್ಲಿ ನಾವು ಇದನ್ನೇ ಊಟಕ್ಕೆ ಕ್ಯೂ ನಿಂತಾಗ ಒಪ್ಪಿಸುತ್ತಿದ್ದೆವು. ಆಂಟೀರಿಯರ್‌ನಲ್ಲಿ ಜಾಸ್ತಿ ಏನಿಲ್ಲ, ಕೊಬ್ಬು, ಲಿಂಫ್ ಗಂಟುಗಳು, ಥೈಮಸ್‌ನ ಕೆಳತುದಿ.

ಎಡ ರಿಕರೆಂಟ್ ಲ್ಯಾರಿಂಜಿಯಲ್ ನರ ಆರ್ಚ್‌ನ ಕೆಳಗಿಂದ ಸುತ್ತಿ ಗಂಟಲಿಗೆ ಹೋಗುತ್ತದೆ. ಆರ್ಚ್ ಉಬ್ಬಿ ನರ ಒತ್ತಿದರೆ ರೋಗಿಯ ದನಿ ಗೊಗ್ಗರಾಗುತ್ತದೆ. ಬಲ ನರ ಸುತ್ತುವುದು ಮೇಲೆ, ಸಬ್‌ಕ್ಲೇವಿಯನ್ ಧಮನಿಯನ್ನು. ಹಾಗಾಗಿ ಅದಕ್ಕೆ ಈ ತೊಂದರೆ ತಟ್ಟುವುದಿಲ್ಲ.