ಕನ್ನಡ ಅಂಕಿ ಇರೋ ಪ್ರಶ್ನೆಪತ್ರಿಕೆ ಫೋಟೋ: ಉತ್ತರ ತಾಳೆ ಆದ್ರೂ ತಪ್ಪು ಯಾಕೆ?

ಪ್ರಶ್ನೆ: ಸರ್, ಮಗಳ ಸ್ಕೂಲ್ ಗ್ರೂಪಲ್ಲಿ ಒಂದು ಹಳೇ ಪ್ರಶ್ನೆಪತ್ರಿಕೆ ಫೋಟೋ ಹಾಕಿದ್ರು, ಪೂರ್ತಿ ಕನ್ನಡ ಅಂಕಿ. ಗೂಗಲ್ ಲೆನ್ಸಲ್ಲಿ ಕಾಪಿ ಮಾಡ್ದಾಗ ಹೀಗೆ ಬಂತು: "ತಂದೆಯ ಈಗಿನ ವಯಸ್ಸು ಮಗನ ವಯಸ್ಸಿನ ೩ ರಷ್ಟಕ್ಕಿಂತ ೩ ವರ್ಷ ಹೆಚ್ಚು. ೧ಂ ವಷ೯ಗಳ ನಂತರ ತಂದೆಯ ವಯಸ್ಸು ಮಗನ ವಯಸ್ಸಿನ ೨ ರಷ್ಟಕ್ಕಿಂತ ೮ ವರ್ಷ ಹೆಚ್ಚಾಗುತ್ತದೆ. ಮಗನ ಈಗಿನ ವಯಸ್ಸೆಷ್ಟು?" ನಮ್ಮನೆಯವರು ಪೈಥಾನಲ್ಲಿ ಹಾಕಿದ್ರೆ ಮಗನಿಗೆ 6 ಬಂತು. ಅದು ವಿಚಿತ್ರ ಅನ್ಸಿ ನಾನೇ ಕೈಯಲ್ಲಿ ಮಾಡಿದೆ, 15 ಬಂತು, ತಾಳೆನೂ ಆಯ್ತು. ಮೇಷ್ಟ್ರು ಎರಡೂ ತಪ್ಪು ಅಂತಾರೆ. ಫೋಟೋ ಕಳಿಸಿದೀನಿ. ಅದ್ರಲ್ಲೇ ಇರೋ "೪೦ ರಿಂದ" ಲೆಕ್ಕನೂ ಸಮೀಕರಣ ಮಾಡೋಕೆ ಬರ್ತಿಲ್ಲ.

ಉತ್ತರ: ಮೇಡಂ, ನಿಮ್ಮ ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ, ನಿಮ್ಮ ಮನೆಯವರ ಲೆಕ್ಕದಲ್ಲೂ ಇಲ್ಲ, ಇಬ್ರಿಗೂ ಸಿಕ್ಕಿದ ಪ್ರಶ್ನೆನೇ ಬೇರೆ. ಫೋಟೋ ದೊಡ್ಡದು ಮಾಡಿ ನೋಡಿದೆ, ಮೊದಲನೇ ವಾಕ್ಯದಲ್ಲಿ "೩ ರಷ್ಟಕ್ಕಿಂತ ೬ ವರ್ಷ" ಅಂತಿದೆ. ಎರಡನೇ ೩ ಅಲ್ಲ ಅದು, ೬. ಸರಿ ಉತ್ತರ ಮಗನಿಗೆ 12, ತಂದೆಗೆ 42.

ಮೊದಲು ಆ 6 ಎಲ್ಲಿಂದ ಬಂತು ಅಂತ ನೋಡೋಣ. ನೀವು ಕಳಿಸಿದ ಟೆಕ್ಸ್ಟಲ್ಲಿ "೧ಂ" ಇದೆಯಲ್ಲ, ಅದು ಹತ್ತು ಅಲ್ಲ. ಒಂದು ಅಂಕಿ ಪಕ್ಕದಲ್ಲಿ ಕೂತಿರೋದು ಸೊನ್ನೆ ಅಲ್ಲ ಅನುಸ್ವಾರ, ಅಂದ್ರೆ ಅಂ ಬರೆಯುವಾಗ ಹಾಕೋ ಬಿಂದು. ಕಣ್ಣಿಗೆ ಎರಡೂ ಒಂದೇ ಥರ ದುಂಡಗೆ ಕಾಣುತ್ತೆ, ಆದ್ರೆ ಕಂಪ್ಯೂಟರಿಗೆ ಅನುಸ್ವಾರ U+0C82, ಸೊನ್ನೆ U+0CE6, ಪೂರ್ತಿ ಬೇರೆ ಬೇರೆ ಅಕ್ಷರ. ಪೈಥಾನಿಗೆ ಕನ್ನಡ ಅಂಕಿ ಅರ್ಥ ಆಗುತ್ತೆ, `int("೧೦")` ಕೊಟ್ರೆ 10 ಅಂತಾನೇ ಬರುತ್ತೆ, `int("೧ಂ")` ಕೊಟ್ರೆ ಎರರ್ ಬರುತ್ತೆ. ಎರರ್ ಬಂದಿದ್ರೆ ಚೆನ್ನಾಗಿತ್ತು, ಗೊತ್ತಾಗ್ತಿತ್ತು. ಆದ್ರೆ ಸಾಮಾನ್ಯವಾಗಿ ವಾಕ್ಯದಿಂದ ಅಂಕಿ ಹೆಕ್ಕೋಕೆ `\d+` ಬಳಸ್ತಾರೆ, ಅದು ೧ ತಗೊಂಡು ಬಿಂದುನ ಬಿಟ್ಟು ಸುಮ್ನೆ ಮುಂದೆ ಹೋಗುತ್ತೆ. ಹತ್ತು ವರ್ಷ ಹೋಗಿ ಒಂದು ವರ್ಷ ಆಯ್ತು. 3x + 3 + 1 = 2(x + 1) + 8 ಬಿಡಿಸಿ ನೋಡಿ, x = 6 ಬರುತ್ತೆ, ತಂದೆಗೆ 21. ಮಗ ಹುಟ್ಟಿದಾಗ ಅಪ್ಪನಿಗೆ 15 ವರ್ಷ, ನಿಮಗೆ ವಿಚಿತ್ರ ಅನ್ಸಿದ್ದು ಅದಕ್ಕೇ.

ಅದೇ ಟೆಕ್ಸ್ಟಲ್ಲಿ "ವಷ೯ಗಳ" ಅಂತ ಇರೋದನ್ನೂ ಗಮನಿಸಿ. ವರ್ಷ ಅಂತ ಬರೆಯುವಾಗ ಷ ಆದ್ಮೇಲೆ ಬರೋ ಅರ್ಕಾವೊತ್ತು ನೋಡೋಕೆ ಥೇಟ್ ಒಂಬತ್ತರ ಥರ, ಹಾಗಾಗಿ ಓದೋ ಸಾಫ್ಟ್‌ವೇರ್ ಅದನ್ನ ೯ ಅಂತ ಬರೆದುಬಿಟ್ಟಿದೆ, ಕೈಯಲ್ಲಿ ಟೈಪ್ ಮಾಡೋರೂ ಎಷ್ಟೋ ಜನ ಹಾಗೇ ಮಾಡ್ತಾರೆ. ಈಗ ನಿಮ್ಮ ವಾಕ್ಯದಲ್ಲಿ ಇಲ್ಲದ ಒಂದು 9 ಸೇರ್ಕೊಂಡಿದೆ. ಇಂಥದ್ದನ್ನ ಹಿಡಿಯೋಕೆ ನಾನು ಮಾಡೋದು ಇಷ್ಟೇ, ಎಲ್ಲಾ ಕನ್ನಡ ಅಂಕಿನೂ ಮೊದಲು ಇಂಗ್ಲಿಷ್ ಅಂಕಿಗೆ ಬದಲಾಯಿಸಿ ಆಮೇಲೆ ವಾಕ್ಯ ಓದ್ತೀನಿ.

```python
t = str.maketrans("೦೧೨೩೪೫೬೭೮೯", "0123456789")
print(s.translate(t))
```

`s` ಅನ್ನೋದು ನೀವು ಕಾಪಿ ಮಾಡಿದ ವಾಕ್ಯ. ಹೀಗೆ ಮಾಡಿದ ತಕ್ಷಣ "1ಂ ವಷ9ಗಳ" ಅಂತ ಎದ್ದು ಕಾಣುತ್ತೆ. ಅಂಕಿ ಹಿಂದೆ ಬಿಂದು ಅಂಟಿದ್ರೆ ಅದು ಸೊನ್ನೆ, ಪದದ ಮಧ್ಯೆ 9 ಕೂತಿದ್ರೆ ಅದು ಅರ್ಕಾವೊತ್ತು, ಪದದ ಮಧ್ಯೆ 0 ಕೂತಿದ್ರೆ ಅದು ಅನುಸ್ವಾರ. ಕೈಯಲ್ಲೇ ತಿದ್ದಿ, ಎರಡು ನಿಮಿಷದ ಕೆಲಸ.

ಈಗ ನಿಮ್ಮ 15. ನೀವು ಹತ್ತನ್ನ ಸರಿಯಾಗಿ ಓದಿದ್ರಿ, ಆದ್ರೆ ೬ ಇರೋ ಕಡೆ ಲೆನ್ಸ್ ಕೊಟ್ಟ ೩ ಹಾಗೇ ಉಳೀತು. ನೀವು ತಾಳೆ ನೋಡಿದ್ದು ನೀವೇ ಬರೆದ ಸಮೀಕರಣದ ಜೊತೆ, ಪತ್ರಿಕೆ ಜೊತೆ ಅಲ್ಲ, ಹಾಗಾಗಿ ಅದು ಹೊಂದಲೇಬೇಕು. "ಪೂರ್ಣಾಂಕ ಬಂತಲ್ಲ, ಸರಿ ಇರಬೇಕು" ಅನ್ನೋದೂ ಇಲ್ಲಿ ನಡೆಯಲ್ಲ, ಯಾಕಂದ್ರೆ ಒಂದು ಕಡೆ 3x ಇನ್ನೊಂದು ಕಡೆ 2x, ಕಳೆದ್ರೆ ಉಳಿಯೋದು ಒಂದೇ x, ಭಾಗಿಸೋ ಕೆಲಸವೇ ಇಲ್ಲ, ಹಾಗಾಗಿ ಮಿಕ್ಕ ಅಂಕಿಗಳನ್ನ ಏನೇ ತಪ್ಪು ಓದಿದ್ರೂ ಪೂರ್ಣಾಂಕನೇ ಬರುತ್ತೆ. ಮಗನಿಗೆ 15 ತಂದೆಗೆ 48, ಇದ್ರಲ್ಲಿ ಅನುಮಾನ ಪಡೋಕೆ ಏನೂ ಇಲ್ಲ. ಈ ತಪ್ಪು ಫೋಟೋ ನೋಡಿದ್ರೆ ಮಾತ್ರ ಸಿಗುತ್ತೆ.

೩ ರ ಹೊಟ್ಟೆಗಳು ಬಲಕ್ಕೆ ಉಬ್ಬಿರುತ್ತೆ, ಬಾಯಿ ಎಡಕ್ಕೆ. ೬ ರದ್ದು ಉಲ್ಟಾ, ಬಾಯಿ ಬಲಕ್ಕೆ. ಝೆರಾಕ್ಸಿನ ಝೆರಾಕ್ಸ್ ಆದ್ರೆ ಇಂಕು ತುಂಬ್ಕೊಂಡು ಬಾಯಿ ಮುಚ್ಚಿಹೋಗುತ್ತೆ, ಆಗ ಯಾವ ಕಡೆ ಅಂತ ಹೇಳೋದು ಕಷ್ಟ. ೧ ಕೂಡ ಹಾಗೇ, ಕೆಳಗಿನ ಸಂದು ಮುಚ್ಚಿದ್ರೆ ಸೊನ್ನೆ ಥರಾನೇ ಆಗುತ್ತೆ. ಇಂಥ ಕಡೆ ಅದೇ ಹಾಳೆಯ ಪ್ರಶ್ನೆ ಸಂಖ್ಯೆಗಳನ್ನ ನೋಡಿ. ೧, ೨, ೩ ಅಂತ ಸಾಲಾಗಿ ಬಂದಿರುತ್ತೆ, ಆರನೇ ಪ್ರಶ್ನೆ ಮುಂದೆ ಇರೋದು ಆರೇ ಅಂತ ಗ್ಯಾರಂಟಿ, ಅಚ್ಚೂ ಸಾಮಾನ್ಯವಾಗಿ ಅದೇ ಇರುತ್ತೆ. ಆ ಆರನ್ನ ಅನುಮಾನ ಇರೋ ಅಂಕಿ ಪಕ್ಕ ಇಟ್ಟು ಹೋಲಿಸಿ. ನಿಮ್ಮ ಫೋಟೋದಲ್ಲಿ ನಾನೂ ಹಾಗೇ ಖಚಿತ ಮಾಡ್ಕೊಂಡೆ.

ಅಂಕಿ ಸರಿಯಾದ್ಮೇಲೆ ಸಮೀಕರಣ ಸುಲಭ, ಕನ್ನಡ ವಾಕ್ಯ ಬಂದ ಕ್ರಮದಲ್ಲೇ ಬರ್ಕೊಂಡು ಹೋಗಬಹುದು. ಮಗನ ವಯಸ್ಸು x, ಅದರ ೩ ರಷ್ಟು 3x, ಅದಕ್ಕಿಂತ ೬ ಹೆಚ್ಚು 3x + 6, ಇದು ತಂದೆ. ಹತ್ತು ವರ್ಷ ಆದ್ಮೇಲೆ ಇಬ್ರಿಗೂ ಹತ್ತು ಸೇರುತ್ತೆ:

3x + 6 + 10 = 2(x + 10) + 8

3x + 16 = 2x + 28, x = 12. ಮಗನಿಗೆ ಹತ್ತು ಸೇರಿಸೋದು ಮರೆತ್ರೆ x = −8 ಬರುತ್ತೆ, ವಯಸ್ಸು ಋಣ ಬಂದ್ರೆ ಮೊದಲು ಅಲ್ಲೇ ನೋಡಿ.

ಇನ್ನು ಆ ಇನ್ನೊಂದು ಲೆಕ್ಕ: "೪೦ ರಿಂದ ಒಂದು ಸಂಖ್ಯೆಯ ೩ ರಷ್ಟನ್ನು ಕಳೆದು, ಬಂದದ್ದನ್ನು ೫ ರಿಂದ ಭಾಗಿಸಿದರೆ ೨ ಬರುತ್ತದೆ." ಇಲ್ಲಿ ಮಕ್ಕಳು ಎಡವೋದು ಅಂಕಿಯಲ್ಲಿ ಅಲ್ಲ, "ರಿಂದ" ಅನ್ನೋದ್ರಲ್ಲಿ. ಎರಡು ಸಲ ಬಂದಿದೆ, ಎರಡು ಸಲನೂ ಕೆಲಸ ಬೇರೆ. ಕಳೆಯುವಾಗ "ರಿಂದ" ಇರೋ ಸಂಖ್ಯೆ ಮೊದಲು ಬರುತ್ತೆ, ಅದರೊಳಗಿಂದ ತೆಗೀಬೇಕು, ಅಂದ್ರೆ 40 − 3x. ಭಾಗಿಸುವಾಗ "ರಿಂದ" ಇರೋದು ಭಾಜಕ, ಕೆಳಗೆ ಹೋಗುತ್ತೆ. ಹಾಗಾಗಿ "ರಿಂದ" ಕಂಡ ತಕ್ಷಣ ಬರೆಯೋಕೆ ಹೋಗದೆ ಅದರ ಮುಂದಿನ ಕ್ರಿಯಾಪದ ಬರೋವರೆಗೂ ಓದಬೇಕು. "ಬಂದದ್ದನ್ನು" ಅಂತ ಇರೋದ್ರಿಂದ ಕಳೆದದ್ದು ಪೂರ್ತಿ ಬ್ರಾಕೆಟ್ ಒಳಗೆ:

(40 − 3x) / 5 = 2

40 − 3x = 10, x = 10. ಉಲ್ಟಾ ಮಾಡಿ 3x − 40 ಬರೆದಿದ್ರೆ x = 50/3 ಬರ್ತಿತ್ತು. ಬ್ರಾಕೆಟ್ ಹಾಕದೆ ಫೋನಲ್ಲಿ `40-3x/5=2` ಅಂತ ಟೈಪ್ ಮಾಡಿದ್ರೆ 3x ಒಂದನ್ನೇ 5 ರಿಂದ ಭಾಗಿಸಿ 190/3 ಕೊಡುತ್ತೆ, ಮಗಳು ಆ್ಯಪಲ್ಲಿ ಹಾಕುವಾಗ ಅದೊಂದು ನೋಡ್ಕೊಳ್ಳಿ.